ಸಿಗ್ನಲ್ ತುಂಬಿದ್ದರೂ ಮೆಸೇಜ್ ಯಾಕೆ ತಡವಾಗಿ ಬರುತ್ತದೆ?

ಎಸ್ಸೆಮ್ಮೆಸ್ ಕಳಿಸಿದ ಎರಡು ಮೂರು ಸೆಕೆಂಡಿಗೆ ನಮ್ಮ ಫೋನಿನಲ್ಲಿ ‘ಕಳುಹಿಸಲಾಗಿದೆ’ ಎಂದು ಬರುತ್ತದೆ. ಅದನ್ನು ನೋಡಿದವರಲ್ಲಿ ಹೆಚ್ಚಿನವರು, ಸರಿ, ಅವರಿಗೆ ಮುಟ್ಟಿತು ಎಂದುಕೊಂಡು ಫೋನ್ ಕೆಳಗಿಡುತ್ತಾರೆ. ಆ ಹೊತ್ತಿಗೆ ಮೆಸೇಜ್ ಮುಟ್ಟಿರುವುದು ಒಂದು ಕಂಪ್ಯೂಟರಿಗೆ ಮಾತ್ರ, ಅದೂ ಕಳಿಸಿದವರ ಮೊಬೈಲ್ ಕಂಪನಿಯದೇ ಕಂಪ್ಯೂಟರಿಗೆ. ಪಡೆಯಬೇಕಾದವರ ಫೋನ್ ಆನ್ ಆಗಿದೆಯೋ, ಅದು ಯಾವ ಊರಿನಲ್ಲಿದೆಯೋ, ಆ ನಂಬರ್ ಚಾಲ್ತಿಯಲ್ಲಿದೆಯೋ ಇಲ್ಲವೋ, ಇದಾವುದೂ ಆ ಕಂಪ್ಯೂಟರಿಗೆ ಇನ್ನೂ ಗೊತ್ತಿಲ್ಲ. ನಿಮ್ಮ ಮೆಸೇಜನ್ನು ತೆಗೆದುಕೊಂಡಿದ್ದೇನೆ, ಮುಂದಿನ ಜವಾಬ್ದಾರಿ ನನ್ನದು ಎಂದಷ್ಟೇ ಅದು ಹೇಳಿದೆ.

ಈ ಕಂಪ್ಯೂಟರಿಗೆ ಎಸ್ಎಂಎಸ್ ಸೇವಾ ಕೇಂದ್ರ ಎಂದು ಹೆಸರು. ಕರೆ ಮಾಡುವಾಗ ಎರಡೂ ಕಡೆಯವರು ಒಂದೇ ಗಳಿಗೆಯಲ್ಲಿ ಸಿಗಬೇಕು, ಇಲ್ಲದಿದ್ದರೆ ಕರೆಯೇ ಇಲ್ಲ. ಮೆಸೇಜಿಗೆ ಆ ಕಟ್ಟುಪಾಡು ಇಲ್ಲ. ಮೊದಲು ಸೇವಾ ಕೇಂದ್ರ ಅದನ್ನು ತನ್ನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಆಮೇಲೆ ಪಡೆಯುವವರನ್ನು ಹುಡುಕಿ ದಾಟಿಸುತ್ತದೆ. ದಾಟಿತು ಎಂಬ ಉತ್ತರ ಬಂದ ಮೇಲಷ್ಟೇ ತನ್ನ ಸರದಿಯಿಂದ ತೆಗೆಯುತ್ತದೆ.

ಸೇವಾ ಕೇಂದ್ರಕ್ಕೂ ಒಂದು ಫೋನ್ ನಂಬರ್ ಇರುತ್ತದೆ. ಆ ನಂಬರ್ ನಿಮ್ಮ ಸಿಮ್ ಕಾರ್ಡಿನಲ್ಲೇ ಬರೆದಿರುತ್ತದೆ, ನೀವು ಕಳಿಸುವ ಪ್ರತಿ ಮೆಸೇಜಿನ ಜೊತೆಗೂ ಫೋನ್ ಅದನ್ನು ಸೇರಿಸುತ್ತದೆ. ಮೋಡೆಮ್ ಬಳಸುವವರು `AT+CSCA?` ಎಂದು ಕೇಳಿದರೆ ಆ ನಂಬರ್ ಕಾಣಿಸುತ್ತದೆ. ಕರೆಗಳೆಲ್ಲ ಸರಿಯಾಗಿ ಹೋಗುತ್ತಿವೆ, ಮೆಸೇಜ್ ಬರುವುದೂ ಸರಿಯಿದೆ, ಆದರೆ ಕಳಿಸಿದರೆ ಮಾತ್ರ ಪ್ರತಿ ಸಲವೂ ವಿಫಲ ಎಂದಾದರೆ ಮೊದಲು ಅನುಮಾನಿಸಬೇಕಾದದ್ದು ಈ ನಂಬರನ್ನು. ಅದು ಅಳಿಸಿಹೋಗಿರಬಹುದು ಅಥವಾ ತಪ್ಪಾಗಿರಬಹುದು.

ತಡವಾಗುವುದು ಎಲ್ಲಿ ಎಂದು ನೋಡಲು ಒಂದೇ ಒಂದು ಮೆಸೇಜನ್ನು ಹಿಡಿದು ಅದರ ಹಿಂದೆಯೇ ಹೋಗೋಣ. ಅಕ್ಕ ತಮ್ಮನಿಗೆ ‘ಟಿಕೆಟ್ ಆಗಿದೆ, ರಾತ್ರಿಗೇ ಹೊರಡು’ ಎಂದು ಕಳಿಸುತ್ತಾಳೆ. ಇಬ್ಬರದೂ ಬೇರೆ ಬೇರೆ ಕಂಪನಿಯ ಸಿಮ್. ತಮ್ಮನದು ಇಂಟರ್‌ನೆಟ್ ಇಲ್ಲದ ಸಾಧಾರಣ ಕೀಪ್ಯಾಡ್ ಫೋನ್. ಅವನು 10:19ಕ್ಕೆ ಯಾರದೋ ಜೊತೆ ಮಾತಾಡಿ ಮುಗಿಸಿ, 10:20ಕ್ಕೆ ಕಟ್ಟಡವೊಂದರ ನೆಲಮಾಳಿಗೆಗೆ ಇಳಿದಿದ್ದಾನೆ. ಅಲ್ಲಿ ಸಿಗ್ನಲ್ ಇಲ್ಲ. ಅಕ್ಕನ ಮೆಸೇಜ್ ಅವಳ ಕಂಪನಿಯ ಸೇವಾ ಕೇಂದ್ರವನ್ನು ತಲುಪಿದ್ದು 10:25:42ಕ್ಕೆ. ಕೇಂದ್ರ ಅದನ್ನು ಬರೆದಿಟ್ಟುಕೊಂಡು, ಅದರ ಮೇಲೆ ಆ ಸಮಯದ ಮುದ್ರೆ ಒತ್ತಿ, ಅಕ್ಕನ ಫೋನಿಗೆ ‘ಬಂತು’ ಎಂದು ತಿಳಿಸಿತು.

ಇನ್ನು ತಮ್ಮನನ್ನು ಹುಡುಕಬೇಕು. ಪ್ರತಿ ಮೊಬೈಲ್ ಕಂಪನಿಯೂ ತನ್ನ ಗ್ರಾಹಕರದೊಂದು ಮೂಲ ದಾಖಲೆ ಇಟ್ಟಿರುತ್ತದೆ. ಅದನ್ನು ಎಚ್ಎಲ್ಆರ್ ಎನ್ನುತ್ತಾರೆ. ಯಾವ ಗ್ರಾಹಕ ಈಗ ಯಾವ ಸ್ವಿಚ್ಚಿನ ಕೈಕೆಳಗೆ ಇದ್ದಾನೆ ಎಂಬುದು ಅದರಲ್ಲಿರುತ್ತದೆ. ಸ್ವಿಚ್ ಎಂದರೆ ಟವರುಗಳ ಮೂಲಕ ಕರೆ, ಮೆಸೇಜುಗಳನ್ನು ಫೋನುಗಳಿಗೆ ಮುಟ್ಟಿಸುವ ಕಂಪನಿಯ ಯಂತ್ರ. ಅಕ್ಕನ ಸೇವಾ ಕೇಂದ್ರ ತಮ್ಮನ ಕಂಪನಿಯ ಎಚ್ಎಲ್ಆರನ್ನು ‘ಈ ನಂಬರ್ ಎಲ್ಲಿದೆ?’ ಎಂದು ಕೇಳುತ್ತದೆ. ಎಚ್ಎಲ್ಆರ್ ತಮ್ಮನ ಸಿಮ್ಮಿನ ಗುರುತು ಸಂಖ್ಯೆಯನ್ನೂ ಅವನಿರುವ ಸ್ವಿಚ್ಚಿನ ವಿಳಾಸವನ್ನೂ ಕೊಡುತ್ತದೆ. ಸೇವಾ ಕೇಂದ್ರ ಮೆಸೇಜನ್ನು ನೇರವಾಗಿ ಆ ಸ್ವಿಚ್ಚಿಗೆ ಕಳಿಸುತ್ತದೆ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಜಿಎಸ್ಎಂ ವ್ಯವಸ್ಥೆಯ ಮೂಲ ಏರ್ಪಾಡಿನಲ್ಲಿ ತಮ್ಮನ ಕಂಪನಿಯ ಸೇವಾ ಕೇಂದ್ರಕ್ಕೆ ಈ ಮೆಸೇಜಿನಲ್ಲಿ ಏನೂ ಕೆಲಸವಿಲ್ಲ. ಮೆಸೇಜ್ ಕಾಯುವುದು ಕಳಿಸಿದವರ ಕಡೆಯಲ್ಲಿ. ಕೆಲವು ಕಂಪನಿಗಳು ಒಳಬರುವ ಮೆಸೇಜುಗಳೆಲ್ಲ ತಮ್ಮ ಕೈದಾಟಿಯೇ ಹೋಗುವಂತೆ ಮಾಡಿಕೊಂಡಿರುವುದುಂಟು, ಆದರೆ ಆಗಲೂ ದಾಸ್ತಾನು ಸಾಮಾನ್ಯವಾಗಿ ಕಳಿಸಿದವರ ಕೇಂದ್ರದಲ್ಲೇ ಇರುತ್ತದೆ. ಹಾಗಾಗಿ ಮೆಸೇಜ್ ಬಂದಿಲ್ಲ ಎಂದು ಪಡೆಯಬೇಕಾದವರು ತಮ್ಮ ಕಂಪನಿಗೆ ಕರೆ ಮಾಡಿದರೆ, ಅಲ್ಲಿಯವರಿಗೆ ತೋರಿಸಲು ಮೆಸೇಜೇ ಇರುವುದಿಲ್ಲ. ಕೇಳಬೇಕಾದವರು ಕಳಿಸಿದವರು, ಕೇಳಬೇಕಾದದ್ದು ಅವರ ಕಂಪನಿಯನ್ನು.

ತಮ್ಮನ ಸ್ವಿಚ್ಚಿಗೆ ಮೆಸೇಜ್ ಬಂತು. ಸ್ವಿಚ್ಚಿನ ದಾಖಲೆಯ ಪ್ರಕಾರ ತಮ್ಮ ಅಲ್ಲೇ ಇದ್ದಾನೆ. ಫೋನನ್ನು ಕ್ರಮವಾಗಿ ಸ್ವಿಚ್ ಆಫ್ ಮಾಡಿದ್ದರೆ ಅದು ಆರುವ ಮುಂಚೆ ‘ನಾನು ಹೋಗುತ್ತೇನೆ’ ಎಂದು ನೆಟ್‌ವರ್ಕಿಗೆ ಒಂದು ಸಣ್ಣ ಸೂಚನೆ ಕಳಿಸುತ್ತಿತ್ತು. ನೆಲಮಾಳಿಗೆಗೆ ಇಳಿಯುವ ಫೋನ್ ಹಾಗೆ ಹೇಳಿ ಹೋಗುವುದಿಲ್ಲ. ಆದ್ದರಿಂದ ಸ್ವಿಚ್ ತಮ್ಮನ ಪ್ರದೇಶದ ಟವರುಗಳಿಂದೆಲ್ಲ ಅವನ ಫೋನನ್ನು ಕೂಗುತ್ತದೆ, ಕೆಲವು ಸೆಕೆಂಡು ಕಾಯುತ್ತದೆ, ಮತ್ತೆ ಕೂಗುತ್ತದೆ. ಉತ್ತರವಿಲ್ಲ. ‘ಗ್ರಾಹಕ ಸಿಗುತ್ತಿಲ್ಲ’ ಎಂದು ಸೇವಾ ಕೇಂದ್ರಕ್ಕೆ ಹಿಂತಿಳಿಸುತ್ತದೆ.

ಈ ಸೋಲಿನ ನಂತರ ಮೂರು ಕಡೆ ಮೂರು ಟಿಪ್ಪಣಿಗಳು ಉಳಿಯುತ್ತವೆ. ಸ್ವಿಚ್ ತನ್ನ ದಾಖಲೆಯಲ್ಲಿ ತಮ್ಮನ ಹೆಸರಿನ ಮುಂದೆ ‘ಸಿಗುತ್ತಿಲ್ಲ’ ಎಂದು ಗುರುತು ಹಾಕುತ್ತದೆ. ಎಚ್ಎಲ್ಆರ್ ಕೂಡ ಅದೇ ಗುರುತು ಹಾಕಿ, ಜೊತೆಗೆ ‘ಇಂಥ ಸೇವಾ ಕೇಂದ್ರದಲ್ಲಿ ಇವನಿಗೊಂದು ಮೆಸೇಜ್ ಕಾಯುತ್ತಿದೆ’ ಎಂದು ಬರೆದುಕೊಳ್ಳುತ್ತದೆ. ಎಚ್ಎಲ್ಆರ್ ಬರೆದುಕೊಳ್ಳುವುದು ಕೇಂದ್ರದ ವಿಳಾಸವನ್ನು ಮಾತ್ರ, ಮೆಸೇಜಿನ ಒಂದಕ್ಷರವೂ ಅದರಲ್ಲಿರುವುದಿಲ್ಲ. ಸೇವಾ ಕೇಂದ್ರ ಮೆಸೇಜನ್ನು ಮರುಪ್ರಯತ್ನದ ಸಾಲಿಗೆ ಸೇರಿಸುತ್ತದೆ. ಎಷ್ಟು ಹೊತ್ತಿಗೊಮ್ಮೆ ಮರುಪ್ರಯತ್ನ ಮಾಡಬೇಕು ಎಂಬುದನ್ನು ಆಯಾ ಕಂಪನಿ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಮೊದಮೊದಲು ಬೇಗಬೇಗ, ಆಮೇಲೆ ಅಂತರ ಹೆಚ್ಚುತ್ತಾ ಹೋಗುತ್ತದೆ. ನಮ್ಮ ಉದಾಹರಣೆಗೆ 5 ನಿಮಿಷ, 15 ನಿಮಿಷ, ಆಮೇಲೆ 1 ಗಂಟೆ ಎಂದಿಟ್ಟುಕೊಳ್ಳೋಣ.

ಮೊದಲ ಪ್ರಯತ್ನ ಸೋತದ್ದು ಸುಮಾರು 10:26ಕ್ಕೆ. 10:31ಕ್ಕೆ ಇನ್ನೊಂದು ಪ್ರಯತ್ನ, ತಮ್ಮ ಇನ್ನೂ ಕೆಳಗೇ ಇದ್ದಾನೆ. 10:40ಕ್ಕೆ ಅವನು ಮೇಲೆ ಬಂದ. ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ತುಂಬಿದವು. ಮೆಸೇಜ್ ಬರಲಿಲ್ಲ.

ಯಾಕೆಂದರೆ ಕಡ್ಡಿ ತುಂಬಿದ್ದು ಫೋನಿಗೆ ಗೊತ್ತು, ನೆಟ್‌ವರ್ಕಿಗೆ ಗೊತ್ತಿಲ್ಲ. ಸಿಗ್ನಲ್ ಕಡ್ಡಿ ಎಂದರೆ ಟವರಿನ ದನಿ ಫೋನಿಗೆ ಎಷ್ಟು ಚೆನ್ನಾಗಿ ಕೇಳುತ್ತಿದೆ ಎಂಬ ಅಳತೆ. ಫೋನ್ ಮಾತಾಡಿದೆ ಎಂದು ಅದರರ್ಥವಲ್ಲ. ಟವರುಗಳ ಒಂದೊಂದು ಗುಂಪಿಗೂ ಒಂದು ಪ್ರದೇಶ ಸಂಖ್ಯೆ ಇರುತ್ತದೆ, ಟವರ್ ಅದನ್ನು ಸದಾ ಬಿತ್ತರಿಸುತ್ತಿರುತ್ತದೆ. ಸಿಗ್ನಲ್ ಕಳೆದುಕೊಂಡು ಮತ್ತೆ ಪಡೆದ ಫೋನ್ ಆ ಸಂಖ್ಯೆಯನ್ನು ನೋಡುತ್ತದೆ. ಮುಂಚೆ ಇದ್ದ ಪ್ರದೇಶವೇ ಆಗಿದ್ದರೆ, ನಾನಿಲ್ಲಿದ್ದೇನೆ ಎಂದು ನೆಟ್‌ವರ್ಕಿಗೆ ಹೊಸದಾಗಿ ಹೇಳಬೇಕಾದ ಅಗತ್ಯ ಅದಕ್ಕೆ ಕಾಣುವುದಿಲ್ಲ. ಬ್ಯಾಟರಿ ಉಳಿಯಲಿ, ರೇಡಿಯೋ ದಾರಿ ಬಿಡುವಾಗಿರಲಿ ಎಂದೇ ಹೀಗೆ ಮಾಡಿದ್ದು. ಹಾಗಾಗಿ ಫೋನ್ ಸುಮ್ಮನಿರುತ್ತದೆ, ನೆಟ್‌ವರ್ಕಿನ ಪುಸ್ತಕದಲ್ಲಿ ‘ಸಿಗುತ್ತಿಲ್ಲ’ ಎಂಬ ಗುರುತು ಹಾಗೇ ಉಳಿಯುತ್ತದೆ.

10:46ಕ್ಕೆ ಸೇವಾ ಕೇಂದ್ರದ ಮೂರನೆಯ ಪ್ರಯತ್ನ. ಅದು ಮತ್ತೆ ಎಚ್ಎಲ್ಆರನ್ನು ಕೇಳುತ್ತದೆ. ಎಚ್ಎಲ್ಆರ್ ಗುರುತನ್ನು ನೋಡಿ, ಸ್ವಿಚ್ಚಿನ ವಿಳಾಸವನ್ನೇ ಕೊಡದೆ, ಗ್ರಾಹಕ ಸಿಗುತ್ತಿಲ್ಲ ಎಂದುಬಿಡುತ್ತದೆ. ಈ ಸಲ ಯಾವ ಟವರೂ ತಮ್ಮನನ್ನು ಕೂಗಲಿಲ್ಲ. ಕೂಗಿದ್ದರೆ ಅವನ ಫೋನ್ ತಕ್ಷಣ ಓಗೊಡುತ್ತಿತ್ತು. ಕೇಳುವಾಗ ಸೇವಾ ಕೇಂದ್ರ ‘ಆದ್ಯತೆ’ ಎಂಬ ಗುರುತನ್ನು ಹಚ್ಚಿದ್ದರೆ ಎಚ್ಎಲ್ಆರ್ ವಿಳಾಸ ಕೊಡುತ್ತಿತ್ತು, ಮೆಸೇಜ್ 10:46ಕ್ಕೇ ಮುಟ್ಟುತ್ತಿತ್ತು. ಹಚ್ಚುವುದು ಬಿಡುವುದು ಕೇಂದ್ರವನ್ನು ನಡೆಸುವವರ ಆಯ್ಕೆ. ಇಷ್ಟು ಸಣ್ಣದೊಂದು ಆಯ್ಕೆ ಗ್ರಾಹಕನ ಒಂದು ಗಂಟೆಯನ್ನು ನುಂಗಬಹುದು ಎಂಬುದನ್ನು ಅದನ್ನು ನಡೆಸುವವರು ಲಘುವಾಗಿ ತೆಗೆದುಕೊಳ್ಳಬಾರದು ಎಂದು ನನ್ನ ಅನಿಸಿಕೆ.

ಮುಂದಿನ ಪ್ರಯತ್ನ 11:46ಕ್ಕೆ. ಆದರೆ ಅದಕ್ಕೂ ಮುಂಚೆ ಇನ್ನೊಂದು ಗಡಿಯಾರ ಬಡಿಯುತ್ತದೆ. ಫೋನ್ ಸುಮ್ಮನೆ ಕೂತಿದ್ದರೂ ನಿಗದಿತ ಅವಧಿಗೊಮ್ಮೆ ‘ನಾನಿನ್ನೂ ಇದ್ದೇನೆ’ ಎಂದು ಹಾಜರಿ ಹಾಕಬೇಕು. ಜಿಎಸ್ಎಂನಲ್ಲಿ ಈ ಅವಧಿಯನ್ನು 6 ನಿಮಿಷದ ಘಟಕಗಳಲ್ಲಿ ಹೇಳುತ್ತಾರೆ. ಕನಿಷ್ಠ 6 ನಿಮಿಷ, ಗರಿಷ್ಠ 25 ಗಂಟೆ 30 ನಿಮಿಷ, ಹಾಜರಿಯೇ ಬೇಡ ಎಂದೂ ಇಟ್ಟುಕೊಳ್ಳಬಹುದು. ತಮ್ಮನ ಕಂಪನಿ ಅದನ್ನು 1 ಗಂಟೆಗೆ ಇಟ್ಟಿದೆ ಎನ್ನೋಣ. ಅವನು ಕೊನೆಯ ಸಲ ಕರೆ ಮುಗಿಸಿದ್ದು 10:19ಕ್ಕೆ, ಲೆಕ್ಕ ಶುರುವಾದದ್ದು ಅಲ್ಲಿಂದ. 11:19ಕ್ಕೆ ಫೋನ್ ತಾನಾಗಿ ಹಾಜರಿ ಹಾಕುತ್ತದೆ. ಸ್ವಿಚ್ಚಿಗೆ ಆಗ ಎಚ್ಚರವಾಗುತ್ತದೆ. ತನ್ನ ಗುರುತನ್ನು ಅಳಿಸಿ ಎಚ್ಎಲ್ಆರಿಗೆ ಹೇಳುತ್ತದೆ. ಎಚ್ಎಲ್ಆರ್ ತಾನು ಬರೆದಿಟ್ಟುಕೊಂಡ ವಿಳಾಸವನ್ನು ತೆಗೆದು ಅಕ್ಕನ ಸೇವಾ ಕೇಂದ್ರವನ್ನು ಎಚ್ಚರಿಸುತ್ತದೆ. ಕೇಂದ್ರ ಮತ್ತೆ ವಿಳಾಸ ಕೇಳಿ, ಪಡೆದು, ಮೆಸೇಜನ್ನು ದಾಟಿಸುತ್ತದೆ. 11:19:08ಕ್ಕೆ ತಮ್ಮನ ಫೋನ್ ಸದ್ದು ಮಾಡುತ್ತದೆ.

ಒಟ್ಟು ತಡ 53 ನಿಮಿಷ 26 ಸೆಕೆಂಡು. ಇದರಲ್ಲಿ ತಮ್ಮ ನಿಜವಾಗಿಯೂ ಸಿಗದೆ ಇದ್ದದ್ದು 14 ನಿಮಿಷ ಚಿಲ್ಲರೆ. ಮೆಸೇಜ್ ದಾರಿಯಲ್ಲಿ ಕಳೆದದ್ದು ಕೆಲವೇ ಸೆಕೆಂಡು. ಉಳಿದ ಸುಮಾರು 39 ನಿಮಿಷ ಫೋನ್ ಮರಳಿದೆ ಎಂಬ ಸುದ್ದಿ ಹೊರಡದೆ ಹಾಳಾಯಿತು. ಮೆಸೇಜ್ ಒಂದು ಕಂಪನಿಯ ಕೇಂದ್ರದಲ್ಲಿ, ಫೋನ್ ಎಲ್ಲಿದೆ ಎಂಬ ತಿಳಿವಳಿಕೆ ಇನ್ನೊಂದು ಕಂಪನಿಯ ದಾಖಲೆಯಲ್ಲಿ, ಮರಳಿ ಬಂದ ಸಂಗತಿ ಫೋನಿನಲ್ಲಿ ಮಾತ್ರ. ಈ ಮೂರೂ ಒಂದಕ್ಕೊಂದು ತಾಗುವ ತನಕ ತಡ ಬೆಳೆಯುತ್ತಲೇ ಹೋಗುತ್ತದೆ.

ಇದು ಅರ್ಥವಾದರೆ ಇದಕ್ಕೆ ಮದ್ದೂ ತಾನಾಗಿ ಹೊಳೆಯುತ್ತದೆ. ತಮ್ಮ 10:41ಕ್ಕೆ ಯಾರಿಗಾದರೂ ಒಂದು ಕರೆ ಮಾಡಿದ್ದರೆ ಸಾಕಿತ್ತು. ಫೋನ್ ನೆಟ್‌ವರ್ಕಿನೊಡನೆ ಮಾತಾಡಿದ ಕೂಡಲೇ ಸ್ವಿಚ್ಚಿನ ಗುರುತು ಅಳಿಯುತ್ತದೆ, ಸುದ್ದಿ ಹೊರಡುತ್ತದೆ. ಏರೋಪ್ಲೇನ್ ಮೋಡ್ ಹಾಕಿ ತೆಗೆದರೂ ಅಷ್ಟೇ, ಆಗ ಫೋನ್ ಹೊಸದಾಗಿ ಹಾಜರಿ ಹಾಕಲೇಬೇಕಾಗುತ್ತದೆ. ಫೋನ್ ಆಫ್ ಮಾಡಿ ಆನ್ ಮಾಡಿದಾಗ ಹಳೇ ಮೆಸೇಜುಗಳು ಒಟ್ಟಿಗೆ ಬಂದು ಬೀಳುವುದಕ್ಕೆ ಕಾರಣ ಇದೇ. ಸ್ಮಾರ್ಟ್‌ಫೋನಿನಲ್ಲಿ ಡೇಟಾ ಆನ್ ಇದ್ದರೆ ಅದು ಏನಾದರೊಂದು ನೆಪದಲ್ಲಿ ನೆಟ್‌ವರ್ಕಿನ ಜೊತೆ ಮಾತಾಡುತ್ತಲೇ ಇರುತ್ತದೆ, ಹಾಗಾಗಿ 4ಜಿಯಲ್ಲಿ ಈ ಬಗೆಯ ತಡ ಕಡಿಮೆ. ಅಲ್ಲಿ ಯಂತ್ರಗಳ ಹೆಸರು ಬೇರೆ, ದಾರಿ ಬೇರೆ. ಆದರೂ ಸೇವಾ ಕೇಂದ್ರ ಹಾಗೇ ಇದೆ, ಬರೆದಿಟ್ಟು ದಾಟಿಸುವ ಕ್ರಮವೂ ಹಾಗೇ ಇದೆ.

ಫೋನಿನಲ್ಲಿ ಜಾಗವಿಲ್ಲದೆ ಮೆಸೇಜ್ ನಿಲ್ಲುವುದೂ ಉಂಟು. ಮೆಸೇಜುಗಳನ್ನು ಸಿಮ್ಮಿನಲ್ಲೇ ಇಡುವ ಹಳೆಯ ಫೋನುಗಳಲ್ಲಿ ಇದು ಸಾಮಾನ್ಯ. ಆಗ ಎಚ್ಎಲ್ಆರ್ ‘ಜಾಗ ತುಂಬಿದೆ’ ಎಂಬ ಬೇರೆಯೇ ಗುರುತು ಹಾಕುತ್ತದೆ. ನಾಲ್ಕು ಹಳೇ ಮೆಸೇಜ್ ಅಳಿಸಿದರೆ ಜಾಗವಾಯಿತು ಎಂದು ಫೋನೇ ತಿಳಿಸುತ್ತದೆ, ಮೊದಲಿನಂತೆಯೇ ಸುದ್ದಿ ಕೇಂದ್ರಕ್ಕೆ ಮುಟ್ಟುತ್ತದೆ.

ಕೇಂದ್ರ ಎಷ್ಟು ಕಾಲ ಕಾಯುತ್ತದೆ? ಅದನ್ನು ಮೆಸೇಜೇ ಹೊತ್ತು ತರುತ್ತದೆ. ಪ್ರತಿ ಮೆಸೇಜಿನ ಜೊತೆಗೂ ‘ಇಷ್ಟು ಹೊತ್ತು ಪ್ರಯತ್ನಿಸು’ ಎಂಬ ವಾಯಿದೆಯನ್ನು ಕಳಿಸಬಹುದು. ಹೆಚ್ಚಿನ ಫೋನುಗಳು ಅದನ್ನು ಒಂದೇ ಒಂದು ಬೈಟಿನಲ್ಲಿ ಬರೆಯುತ್ತವೆ. ಆ ಬೈಟಿನ ಬೆಲೆ 0 ಆದರೆ 5 ನಿಮಿಷ, 167 ಆದರೆ 24 ಗಂಟೆ, 255 ಆದರೆ 63 ವಾರ. ಕಂಪನಿ ತನ್ನದೇ ಮಿತಿಯನ್ನು ಹಾಕಿ ಇದನ್ನು ಕಡಿಮೆಯೂ ಮಾಡಬಹುದು. ವಾಯಿದೆ ಮುಗಿದ ಮೆಸೇಜನ್ನು ಕೇಂದ್ರ ಅಳಿಸುತ್ತದೆ. ಕಳಿಸಿದವರು ಮುಂಚೆಯೇ ವರದಿ ಕೇಳಿರದಿದ್ದರೆ ಅಳಿಸಿದ ಸಂಗತಿ ಯಾರಿಗೂ ತಿಳಿಯುವುದಿಲ್ಲ. ಕಳಿಸಿದವರ ಪರದೆಯಲ್ಲಿ ಆಗಲೂ ‘ಕಳುಹಿಸಲಾಗಿದೆ’ ಎಂದೇ ಇರುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಒಪ್ಪದ ಭಾಗ ಎಂದರೆ ಇದು. ತಡವಾಗಿ ಬಂದ ಮೆಸೇಜಿಗಿಂತ, ಬಾರದೇ ಹೋದದ್ದು ತಿಳಿಯದಿರುವುದರಿಂದ ಆಗುವ ನಷ್ಟ ದೊಡ್ಡದು.

ಹಾಗಾಗಿ ಮುಖ್ಯವಾದ ಮೆಸೇಜಿಗೆ ತಲುಪಿದ ವರದಿಯನ್ನು ಆನ್ ಮಾಡಿಕೊಳ್ಳುವುದು ಒಳ್ಳೆಯದು. ಮೆಸೇಜ್ ಆ್ಯಪಿನ ಸೆಟ್ಟಿಂಗ್ಸಿನಲ್ಲಿ ಬಹುತೇಕ ಈ ಸೌಲಭ್ಯ ಇರುತ್ತದೆ. ಆಗ ಕೇಂದ್ರ ಕೆಲಸ ಮುಗಿದ ಮೇಲೆ ಕಳಿಸಿದವರಿಗೆ ಇನ್ನೊಂದು ಪುಟ್ಟ ಮೆಸೇಜ್ ಕಳಿಸುತ್ತದೆ. ಅದರೊಳಗೆ ಎರಡು ಸಮಯಗಳಿರುತ್ತವೆ: ಕೇಂದ್ರ ಮೆಸೇಜನ್ನು ತೆಗೆದುಕೊಂಡ ಸಮಯ, ದಾಟಿಸಿದ ಸಮಯ. ಅಕ್ಕ ವರದಿ ಕೇಳಿದ್ದರೆ ಅವಳ ಫೋನಿಗೆ ಬರುತ್ತಿದ್ದ ಬೈಟುಗಳಲ್ಲಿ ಈ ಎರಡು ಸಾಲುಗಳು ಇರುತ್ತಿದ್ದವು:

```
42 50 31 01 52 24 80
42 50 31 11 91 80 80
```

ಓದುವ ರೀತಿ ಸುಲಭ, ಪ್ರತಿ ಜೋಡಿಯ ಎರಡು ಅಂಕಿಗಳನ್ನು ಅದಲುಬದಲು ಮಾಡಬೇಕು. 42 ಎಂದರೆ 24, ಅಂದರೆ 2024ನೇ ಇಸವಿ. 50 ಎಂದರೆ 05, ಮೇ ತಿಂಗಳು. 31 ಎಂದರೆ 13ನೇ ತಾರೀಖು. ಹೀಗೇ ಮುಂದುವರಿದರೆ ಮೊದಲ ಸಾಲು 10:25:42, ಎರಡನೆಯದು 11:19:08. ಕೊನೆಯ ಜೋಡಿ ಸಮಯವಲಯ. ಅದನ್ನು ಕಾಲು ಗಂಟೆಗಳಲ್ಲಿ ಎಣಿಸುತ್ತಾರೆ, ಇಲ್ಲಿ 08, ಅಂದರೆ ಗ್ರೀನಿಚ್ ಸಮಯಕ್ಕಿಂತ 2 ಗಂಟೆ ಮುಂದೆ. ಎರಡು ಸಾಲುಗಳ ವ್ಯತ್ಯಾಸವೇ ಮೆಸೇಜ್ ಕೇಂದ್ರದಲ್ಲಿ ಕಾದ ಹೊತ್ತು.

ಪಡೆದವರಿಗೂ ಇಂಥ ಲೆಕ್ಕ ಸಿಗುತ್ತದೆ. ಕೇಂದ್ರ ಒತ್ತಿದ ಮುದ್ರೆ ಮೆಸೇಜಿನ ಜೊತೆಗೇ ಬರುತ್ತದೆ. ಆಂಡ್ರಾಯ್ಡ್ ಫೋನು ಬಂದ ಸಮಯವನ್ನೂ ಕೇಂದ್ರದ ಮುದ್ರೆಯನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತದೆ, ಹಲವು ಆ್ಯಪುಗಳಲ್ಲಿ ಮೆಸೇಜನ್ನು ಒತ್ತಿಹಿಡಿದು ವಿವರ ತೆಗೆದರೆ ಎರಡೂ ಕಾಣಿಸುತ್ತವೆ. ಎರಡರ ನಡುವೆ ದೊಡ್ಡ ಅಂತರವಿದ್ದರೆ ಮೆಸೇಜ್ ಸೇವಾ ಕೇಂದ್ರದಲ್ಲಿ ಕಾದಿತ್ತು. ಫೋನ್ ಸಿಕ್ಕಿರಲಿಲ್ಲ, ಅಥವಾ ಸಿಕ್ಕಿದ ಸುದ್ದಿ ಮುಟ್ಟಿರಲಿಲ್ಲ.

ಕೆಲವೊಮ್ಮೆ ಎರಡೂ ಸಮಯ ಒಂದೇ ಇರುತ್ತದೆ, ಆದರೂ ಮೆಸೇಜ್ ತಡವಾಗಿರುತ್ತದೆ. ಬ್ಯಾಂಕಿನ ಒಟಿಪಿಗಳಲ್ಲಿ ಇದನ್ನು ಗಮನಿಸಬಹುದು. ಅವು ಫೋನಿನಿಂದ ಹೊರಡುವುದಿಲ್ಲ. ಬ್ಯಾಂಕಿನ ಸರ್ವರಿನಿಂದ ಮೆಸೇಜ್ ಸಗಟು ಸಾಗಿಸುವ ಸಂಸ್ಥೆಗೆ, ಅಲ್ಲಿಂದ ಇನ್ನೊಂದು ಸಂಸ್ಥೆಗೆ, ಕೊನೆಗೆ ಸೇವಾ ಕೇಂದ್ರಕ್ಕೆ ಬರುತ್ತವೆ. ಆ ಒಂದೊಂದು ಕಡೆಯೂ ತನ್ನದೇ ಸಾಲು ಇದೆ, ಸೆಕೆಂಡಿಗೆ ಇಷ್ಟೇ ಮೆಸೇಜ್ ಎಂಬ ಮಿತಿ ಇದೆ. ಮಿತಿ ಮೀರಿದರೆ ಕೇಂದ್ರ ನಿಧಾನಿಸು ಎಂದು ಹಿಂದಿರುಗಿಸುತ್ತದೆ. ಹಬ್ಬದ ಕೊಡುಗೆಯ ಲಕ್ಷಗಟ್ಟಲೆ ಜಾಹೀರಾತುಗಳ ಹಿಂದೆ ನಿಮ್ಮ ಒಟಿಪಿ ಅದೇ ಸಾಲಿನಲ್ಲಿ ಸಿಕ್ಕಿಬಿದ್ದರೆ, ಅದು ಕಾಯುವುದು ಕೇಂದ್ರದ ಬಾಗಿಲ ಹೊರಗೆ. ಮುದ್ರೆ ಬೀಳುವುದು ಒಳಗೆ ಬಂದ ಮೇಲೆ. ಮೆಸೇಜಿನ ಒಕ್ಕಣೆಯಲ್ಲೇ ವ್ಯವಹಾರದ ಸಮಯ ಬರೆದಿದ್ದರೆ ಅದನ್ನು ಮುದ್ರೆಯ ಜೊತೆ ಹೋಲಿಸಿ ನೋಡಿ. ಅಂತರ ಅಲ್ಲೇ ಕಂಡರೆ ನಿಮ್ಮ ಫೋನಿನದಾಗಲಿ ಸಿಗ್ನಲ್ಲಿನದಾಗಲಿ ತಪ್ಪಿಲ್ಲ.

ಉದ್ದದ ಮೆಸೇಜಿಗೆ ಇನ್ನೊಂದು ತೊಡಕಿದೆ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಹಿಡಿಯುವುದು 140 ಬೈಟು. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕಾದ್ದರಿಂದ 160 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ ಸಾಮಾನ್ಯವಾಗಿ ಒಂದೊಂದು ಚಿಹ್ನೆಗೂ 2 ಬೈಟು ಹೋಗುತ್ತದೆ, ಆದ್ದರಿಂದ 70 ಮಾತ್ರ. ಅದರಲ್ಲೂ ಕಾಗುಣಿತದ ಗುರುತು, ಒತ್ತಕ್ಷರದ ನಡುವಿನ ಅರ್ಧಚಿಹ್ನೆ ಎಲ್ಲವೂ ಬೇರೆಬೇರೆ ಲೆಕ್ಕ. ‘ನಮಸ್ಕಾರ’ ಎಂದು ಬರೆದರೆ 7 ಖರ್ಚು. 70 ದಾಟಿದರೆ ಮೆಸೇಜ್ ತುಂಡಾಗುತ್ತದೆ, ತುಂಡುಗಳನ್ನು ಮತ್ತೆ ಜೋಡಿಸುವ ಸೂಚನೆಗೆ ಜಾಗ ಬಿಡಬೇಕಾದ್ದರಿಂದ ಒಂದೊಂದರಲ್ಲೂ 67 ಮಾತ್ರ ಹಿಡಿಯುತ್ತವೆ. ಕೇಂದ್ರಕ್ಕೆ ಪ್ರತಿ ತುಂಡೂ ಒಂದು ಪ್ರತ್ಯೇಕ ಮೆಸೇಜು. ಪ್ರತ್ಯೇಕವಾಗಿ ಕಾಯುತ್ತದೆ, ಪ್ರತ್ಯೇಕವಾಗಿ ಸೋಲುತ್ತದೆ. ನಾಲ್ಕು ತುಂಡುಗಳಲ್ಲಿ ಮೂರು ಬಂದು ಒಂದು ಮರುಪ್ರಯತ್ನದ ಸಾಲಿಗೆ ಹೋದರೆ, ಹೆಚ್ಚಿನ ಫೋನುಗಳು ಆ ಒಂದು ಬರುವ ತನಕ ಏನನ್ನೂ ತೋರಿಸುವುದಿಲ್ಲ. ಸಿಗ್ನಲ್ ಅರೆಬರೆ ಇರುವ ಜಾಗದಲ್ಲಿ ಇರುವವರಿಗೆ ತುರ್ತಾಗಿ ಏನಾದರೂ ಬರೆಯುವಾಗ ಒಂದೇ ತುಂಡಿಗೆ ಸಾಲುವಷ್ಟು ಬರೆಯುವುದು ಈ ಕಾರಣಕ್ಕೆ ಮೇಲು.

ಒಂದೇ ಮೆಸೇಜ್ ಎರಡೆರಡು ಸಲ ಬರುವುದೂ ಇದೇ ಏರ್ಪಾಡಿನ ಫಲ. ಮೆಸೇಜ್ ತಮ್ಮನ ಫೋನಿಗೆ ಸೇರಿ, ‘ಬಂತು’ ಎಂಬ ಅದರ ಉತ್ತರ ಹಿಂದಿರುಗುವಾಗ ಸಿಗ್ನಲ್ ಕಡಿದರೆ ಕೇಂದ್ರದ ಪಾಲಿಗೆ ಆ ಪ್ರಯತ್ನ ಸೋತಂತೆ. ಅದು ಮತ್ತೆ ಕಳಿಸುತ್ತದೆ. ಕಳೆದುಹೋಗುವುದಕ್ಕಿಂತ ಎರಡು ಸಲ ಬರುವುದು ವಾಸಿ ಎಂಬ ಲೆಕ್ಕಾಚಾರ ಇದರ ಹಿಂದಿದೆ, ಅದು ಸರಿಯಾದ ಲೆಕ್ಕಾಚಾರವೇ. ಕಳಿಸಿದವರೇ ಎರಡು ಸಲ ಕಳಿಸಿದರೋ, ಕೇಂದ್ರ ಎರಡು ಸಲ ದಾಟಿಸಿತೋ ಎಂದು ತಿಳಿಯಬೇಕಾದರೆ ಎರಡರ ಮುದ್ರೆಯನ್ನೂ ನೋಡಬೇಕು. ಸೆಕೆಂಡಿನ ತನಕ ಒಂದೇ ಇದ್ದರೆ ಅದು ಬಹುಮಟ್ಟಿಗೆ ಕೇಂದ್ರದ ಮರುಪ್ರಯತ್ನ. ಬೇರೆ ಬೇರೆ ಇದ್ದರೆ ಮೆಸೇಜ್ ಕೇಂದ್ರಕ್ಕೇ ಎರಡು ಸಲ ಬಂದಿದೆ: ಕಳಿಸಿದವರು ಇನ್ನೊಮ್ಮೆ ಒತ್ತಿದ್ದಾರೆ, ಅಥವಾ ಕೇಂದ್ರದ ಉತ್ತರ ಸಿಗದೆ ಅವರ ಫೋನೇ ತಾನಾಗಿ ಮತ್ತೆ ಕಳಿಸಿದೆ.